'ಕ' ಬದಲು 'ತ' ಅನ್ನೋ ಮಗುಗೆ ಪದದ ಪಟ್ಟಿ ಹೇಗ್ ಮಾಡೋದು?

ಪ್ರಶ್ನೆ: ನನ್ನ ಮಗನಿಗೆ ಐದು ವರ್ಷ. ಕಾಲು ಅನ್ನೋಕೆ ತಾಲು, ಅಕ್ಕ ಅನ್ನೋಕೆ ಅತ್ತ ಅಂತಾನೆ. ಥೆರಪಿಸ್ಟ್ ಕ ಇರೋ ಪದಗಳನ್ನ ಪಟ್ಟಿ ಮಾಡ್ಕೊಂಡು ಬನ್ನಿ ಅಂದ್ರು. ಇಂಗ್ಲಿಷ್ ಶೀಟ್ ನೋಡಿ ಮೊದಲು, ಮಧ್ಯ, ಕೊನೆ ಅಂತ ಮೂರು ಕಾಲಂ ಹಾಕಿದೆ, ಆದ್ರೆ ಕೊನೆ ಕಾಲಂಗೆ ಪದಾನೇ ಸಿಗ್ತಿಲ್ಲ. ಏನ್ ಮಾಡ್ಲಿ?

ಉತ್ತರ: ಕೊನೆ ಕಾಲಂ ತೆಗೆದುಬಿಡಿ. ನಮ್ಮ ಪದಗಳು ಹೆಚ್ಚುಕಮ್ಮಿ ಎಲ್ಲಾ ಸ್ವರದಲ್ಲೇ ಮುಗಿಯೋದು, ಕ್ ಅಂತ ನಿಲ್ಲೋದು ಬುಕ್, ಬೈಕ್ ತರದವು ಮಾತ್ರ, ಅದನ್ನೂ ಎಷ್ಟೋ ಮನೇಲಿ ಬುಕ್ಕು, ಬೈಕು ಅಂತಾರೆ. ಅದರ ಬದಲು ಮಧ್ಯದ ಕಾಲಮ್ಮನ್ನೇ ಮೂರು ಭಾಗ ಮಾಡಿ: ಒತ್ತು ಇರೋದು (ಅಕ್ಕ, ಪಕ್ಕ, ಬೆಕ್ಕು), ಒಂಟಿ ಕ (ಬೇಕು, ಸಾಕು, ಹಾಕು), ಸೊನ್ನೆ ಆದ್ಮೇಲೆ ಬರೋದು (ಬೆಂಕಿ, ಮಂಕು). ಒತ್ತು ಇರೋವಾಗ ನಾಲಿಗೆ ಹಿಂಭಾಗ ಮೇಲೆ ಒತ್ಕೊಂಡು ಒಂದು ಕ್ಷಣ ನಿಲ್ಲತ್ತಲ್ಲ, ಮಗುಗೆ ಆ ಜಾಗ ಗೊತ್ತಾಗೋಕೆ ಟೈಮ್ ಸಿಗತ್ತೆ, ಅದಕ್ಕೆ ನಾನು ಸಾಮಾನ್ಯವಾಗಿ ಅಲ್ಲಿಂದ ಶುರು ಮಾಡ್ಸೋದು. ಬೇಕು, ಸಾಕು ಅಂತೂ ಬಿಡ್ಲೇಬೇಡಿ, ದಿನಕ್ಕೆ ಎಷ್ಟು ಸಲ ತಾನಾಗೇ ಬಾಯಿಗೆ ಬರತ್ತೆ ನೋಡಿ.

ಪದದ ಮೊದಲಲ್ಲಿ ಬರೋ ಕ ಆರಿಸುವಾಗ ಅದರ ಜೊತೆಗಿರೋ ಸ್ವರ ನೋಡಿ. ಕಾ, ಕೂ, ಕೋ ಸುಲಭ, ಯಾಕಂದ್ರೆ ನಾಲಿಗೆ ಮುಂದಕ್ಕೆ ಎಳೆಯಲ್ಲ. ಕಿ, ಕೆ ಬಂದ್ರೆ ಸ್ವರಾನೇ ನಾಲಿಗೆನ ಮುಂದಕ್ಕೆ ತರತ್ತೆ, ಅವನು ಜಾರಿ ತ ಅಂದುಬಿಡ್ತಾನೆ. ಹಾಗಾಗಿ ಕಾಲು, ಕೋಳಿ, ಕೂಸು, ಕಪ್ಪೆ ಮೊದಲು, ಕಿವಿ, ಕೆನ್ನೆ ಆಮೇಲೆ.

ಪಟ್ಟಿ ಮಾಡೋರು ಎಡವೋದು ಇನ್ನೊಂದು ಕಡೆ. ಕತ್ತೆ, ಕತ್ತರಿ, ಕಿಟಕಿ, ಕೂದಲು ಎಲ್ಲಾ ಕ ಪದಾನೇ, ಚಿತ್ರಾನೂ ಚೆನ್ನಾಗ್ ಸಿಗತ್ತೆ, ಆದ್ರೆ ಒಳಗೆ ತ, ಟ, ದ ಕೂತಿರತ್ತೆ, ಅದು ಕ-ನ ತನ್ನ ಕಡೆ ಎಳ್ಕೊಳತ್ತೆ. ಮಗು ಕಪ್ಪೆ ಸರಿಯಾಗಿ ಹೇಳಿ ಕತ್ತೆಗೆ ತತ್ತೆ ಅಂದ್ರೆ ಕಾರಣ ಇದೇ, ಕಲಿತಿದ್ದು ಮರೆತಿಲ್ಲ. ಇವನ್ನ ಬೇರೆ ಹಾಳೆಲಿ ಬರೆದು ಕೊನೆಗೆ ಇಟ್ಕೊಳ್ಳಿ. ಗ-ನೂ ದ ಅಂತಿದ್ರೆ ಕಾಗೆನೂ ಅಲ್ಲಿಗೇ ಹೋಗ್ಲಿ.

ಒಂದು ಗುಂಪಿಗೆ ಹತ್ತು ಪದ ಸಾಕು, ಅಷ್ಟು ಸಿಗದಿದ್ರೆ ಕಮ್ಮಿನೇ ಇರ್ಲಿ. ಅಕ್ಷರ ಬೇಡ, ಚಿತ್ರ ತೋರಿಸಿ, ಅವನಿಗೆ ಅರ್ಥ ಗೊತ್ತಿರೋ ಪದಾನೇ ಆಗ್ಬೇಕು. ಜೊತೆಗೆ ಕಾಯಿ-ತಾಯಿ, ಕಲೆ-ತಲೆ ತರ ಒಂದೆರಡು ಜೋಡಿ ಹಾಕಿ, ನೀವು ಒಂದು ಹೇಳಿ ಅವನು ಸರಿಯಾದ ಚಿತ್ರ ಮುಟ್ತಾನಾ ನೋಡಿ. ಮುಟ್ಟೋಕೆ ಕಷ್ಟ ಪಡ್ತಿದ್ರೆ ವ್ಯತ್ಯಾಸ ಕೇಳಿಸ್ಕೊಳ್ಳೋದ್ರಲ್ಲೇ ತೊಂದ್ರೆ ಇರಬಹುದು, ಥೆರಪಿಸ್ಟ್‌ಗೆ ಹೇಳಿ, ಕಿವಿ ಪರೀಕ್ಷೆ ಆಗಿಲ್ಲಾಂದ್ರೆ ಮೊದಲು ಮಾಡಿಸಿ.

ಹತ್ತರಲ್ಲಿ ಮೂರು ಪದ ಪ್ರಾಕ್ಟೀಸ್ ಮಾಡಿಸ್ದೆ ಎತ್ತಿಡಿ. ವಾರಕ್ಕೊಂದ್ಸಲ ಅವುಗಳ ಚಿತ್ರ ತೋರಿಸಿ, ನೀವು ಹೇಳ್ಕೊಡ್ದೆ ಇದೇನು ಅಂತ ಕೇಳಿ. ಅದರಲ್ಲೂ ಕ ಬಂತು ಅಂದ್ರೆ ಮುಂದಿನ ಗುಂಪಿಗೆ ಹೋಗಬಹುದು, ಬರಿ ಹೇಳ್ಕೊಟ್ಟ ಏಳರಲ್ಲಿ ಮಾತ್ರ ಬರ್ತಿದ್ರೆ ಇನ್ನೂ ಸ್ವಲ್ಪ ದಿನ ಅದೇ ಗುಂಪಲ್ಲಿರಿ. ಒಂಟಿಯಾಗಿ ಕ್ ಅನ್ನೋಕೇ ಬರ್ತಿಲ್ಲ ಅಂದ್ರೆ ಪಟ್ಟಿ ಸದ್ಯಕ್ಕೆ ಪಕ್ಕಕ್ಕಿಡಿ, ಆ ಸದ್ದು ಹುಟ್ಟಿಸೋ ಕೆಲಸ ಮೊದಲು ಥೆರಪಿಸ್ಟ್ ಹತ್ರ ಆಗ್ಬೇಕು.