60ಕ್ಕೆ ಆನ್ಯುಟಿ ತಗೊಂಡ್ರೆ ಪೆನ್ಷನ್ ಯಾಕಿಷ್ಟು ಕಮ್ಮಿ?

ಇನ್ಶೂರೆನ್ಸ್ ಕಂಪನಿಗೆ ದುಡ್ಡು ಕಟ್ಟಿ ಬದುಕಿರೋ ತನಕ ಪೆನ್ಷನ್ ತಗೊಳ್ಳೋದೇ ಆನ್ಯುಟಿ. ನಮ್ಮಲ್ಲಿ ಸರಾಸರಿ ಆಯಸ್ಸು 70 ತಾನೇ, ಮತ್ತೆ ಯಾಕೆ ಇಷ್ಟು ಕಮ್ಮಿ ಕೊಡ್ತಾರೆ?

ಆ 70 ಹುಟ್ಟಿದ ದಿನದಿಂದ ಲೆಕ್ಕ, ಚಿಕ್ಕ ವಯಸ್ಸಲ್ಲೇ ಹೋದವ್ರೂ ಅದ್ರಲ್ಲಿ ಸೇರಿದಾರೆ. 60 ದಾಟಿದವ್ರು ಸರಾಸರಿ ಇನ್ನೂ ಸುಮಾರು 18 ವರ್ಷ ಇರ್ತಾರೆ. ಅದೂ ಸಾಲಲ್ಲ, ಕಾಯಿಲೆ ಇರೋರು ಆನ್ಯುಟಿಗೆ ದುಡ್ಡು ಹಾಕೋದೇ ಕಮ್ಮಿ, ತಗೊಳ್ಳೋರು ಗಟ್ಟಿಮುಟ್ಟಾದವ್ರೇ ಜಾಸ್ತಿ, ಅದಕ್ಕೇ ಕಂಪನಿಗಳು ಯಾವ ವಯಸ್ಸಲ್ಲಿ ಎಷ್ಟು ಜನ ಸಾಯಬಹುದು ಅಂತ ಲೆಕ್ಕ ಹಾಕೋಕೆ ಆನ್ಯುಟಿದಾರರ ಮರಣ ಕೋಷ್ಟಕ ಅಂತ ಬೇರೇನೇ ಇಟ್ಕೊಂಡಿರ್ತವೆ. ಬಡ್ಡಿ ಬಿಟ್ಟು ನೋಡಿ: 10 ಲಕ್ಷವನ್ನ 18 ವರ್ಷಕ್ಕೆ ಹಂಚಿದ್ರೆ ವರ್ಷಕ್ಕೆ 55,500 ಚಿಲ್ಲರೆ, 25 ವರ್ಷಕ್ಕಾದ್ರೆ ಬರೀ 40,000.

ಒಬ್ರು ಬೇಗ ಹೋಗಿ ಇನ್ನೊಬ್ರು 95ರ ತನಕ ಇದ್ರೆ ಸರಿದೂಗುತ್ತೆ. ಆದ್ರೆ ಔಷಧಿ ಸುಧಾರಿಸಿ ಎಲ್ರೂ ಒಟ್ಟಿಗೇ 2 ವರ್ಷ ಜಾಸ್ತಿ ಬದುಕಿದ್ರೆ ಎಷ್ಟು ಜನ ಗ್ರಾಹಕರಿದ್ರೂ ಸರಿದೂಗಲ್ಲ, ನಿಜವಾದ ರಿಸ್ಕ್ ಅದು. ಕೊಟ್ಟ ರೇಟು ಆಮೇಲೆ ಇಳಿಸೋಕಾಗಲ್ವಲ್ಲ, ಹಾಗಾಗಿ ಮೊದ್ಲೇ ಸ್ವಲ್ಪ ಹಿಡ್ಕೊಂಡೇ ಕೊಡ್ತಾರೆ.