ರೆಪೊ ಸಾಲ ಇರುವಾಗ ಆರ್‌ಬಿಐ ಬಾಂಡ್ ಕೊಳ್ಳುವುದೇಕೆ?

ಪ್ರಶ್ನೆ: ಬ್ಯಾಂಕುಗಳಿಗೆ ಹಣ ಕಡಿಮೆಯಾದರೆ ರೆಪೊದಲ್ಲಿ ಆರ್‌ಬಿಐ ಸಾಲ ಕೊಡುತ್ತದಲ್ಲ? ಹಾಗಿದ್ದರೂ 2025ರ ಆರಂಭದಲ್ಲಿ ಸಾವಿರಾರು ಕೋಟಿಯ ಸರ್ಕಾರಿ ಬಾಂಡ್ ಕೊಂಡದ್ದು ಏಕೆ?

ಬ್ಯಾಂಕೊಂದರ ಟ್ರೆಷರಿ ವಿಭಾಗದಲ್ಲಿ ಕೆಲಸ ಮಾಡಿದವನು ನಾನು. ಪ್ರತಿ ತಿಂಗಳು 20ನೇ ತಾರೀಖು ಹತ್ತಿರ ಬಂದರೆ ನಮ್ಮ ಕಣ್ಣೆಲ್ಲ ಆರ್‌ಬಿಐಯಲ್ಲಿರುವ ನಮ್ಮ ಖಾತೆಯ ಮೇಲೆಯೇ. ಅದು ಜಿಎಸ್‌ಟಿ ಕಟ್ಟುವ ದಿನ. ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು 1 ಲಕ್ಷ ರೂಪಾಯಿ ತೆರಿಗೆ ಕಟ್ಟಿದರು ಎನ್ನಿ. ಅವರ ಖಾತೆಯಲ್ಲಿ 1 ಲಕ್ಷ ಕಡಿಮೆಯಾಗುತ್ತದೆ. ಜೊತೆಗೆ ಅವರ ಬ್ಯಾಂಕು ಆರ್‌ಬಿಐಯಲ್ಲಿ ಇಟ್ಟಿರುವ ಹಣದಿಂದಲೂ ಅಷ್ಟೇ ಮೊತ್ತ ಸರ್ಕಾರದ ಖಾತೆಗೆ ಹೋಗುತ್ತದೆ. ಸರ್ಕಾರದ ಆ ಖಾತೆಯೂ ಆರ್‌ಬಿಐಯಲ್ಲೇ ಇದೆ. ಹಾಗಾಗಿ ಆ ಹಣ ಇನ್ನೊಂದು ಬ್ಯಾಂಕಿಗೆ ಹೋಗುವುದಿಲ್ಲ, ಇಡೀ ಬ್ಯಾಂಕಿಂಗ್ ವ್ಯವಸ್ಥೆಯಿಂದಲೇ ಹೊರಗೆ ಹೋಗುತ್ತದೆ.

ಈ ಬಗೆಯ ಕೊರತೆ ತಾತ್ಕಾಲಿಕ. ಸರ್ಕಾರ ಸಂಬಳ, ಪಿಂಚಣಿ ಕೊಟ್ಟಾಗ ಹಣ ಬ್ಯಾಂಕುಗಳಿಗೆ ಮರಳುತ್ತದೆ. ಅಲ್ಲಿಯವರೆಗಿನ ಕೆಲವು ದಿನಗಳನ್ನು ದಾಟಿಸುವುದಕ್ಕೇ ರೆಪೊ ಇರುವುದು. ಬ್ಯಾಂಕು ಸರ್ಕಾರಿ ಬಾಂಡಿನಂಥ ಸಾಲಪತ್ರವನ್ನು ಒತ್ತೆಯಿಟ್ಟು ಆರ್‌ಬಿಐಯಿಂದ ಹಣ ಪಡೆಯುತ್ತದೆ, ಅವಧಿ ಮುಗಿದಾಗ ಬಡ್ಡಿ ಸೇರಿಸಿ ಕೊಟ್ಟು ಪತ್ರ ಬಿಡಿಸಿಕೊಳ್ಳುತ್ತದೆ. 2025ರ ಜನವರಿಯಲ್ಲಿ ರೆಪೊ ದರ ಶೇ 6.50 ಇತ್ತು. ರೆಪೊ ಹಣವನ್ನು ಹಂಚುವ ಹರಾಜಿನಲ್ಲಿ ಹಣ ಸಿಗದವರು ಎಂಎಸ್‌ಎಫ್ ಎಂಬ ತುರ್ತು ಕಿಟಕಿಗೆ ಹೋಗಿ ಶೇ 6.75ಕ್ಕೆ ಸಾಲ ಪಡೆಯಬಹುದಿತ್ತು. ಹೆಚ್ಚು ಹಣವಿದ್ದವರು ಎಸ್‌ಡಿಎಫ್‌ನಲ್ಲಿ ಶೇ 6.25ಕ್ಕೆ ಠೇವಣಿ ಇಡಬಹುದಿತ್ತು. ಬ್ಯಾಂಕುಗಳು ಒಂದು ರಾತ್ರಿಯ ಮಟ್ಟಿಗೆ ತಮ್ಮತಮ್ಮಲ್ಲಿ ಮಾಡಿಕೊಳ್ಳುವ ಕಾಲ್ ಮನಿ ಸಾಲದ ದರ ಈ ಎರಡು ಅಂಚುಗಳ ನಡುವೆ, ರೆಪೊ ದರದ ಆಸುಪಾಸಿನಲ್ಲಿ ಇರಬೇಕು ಎಂಬುದೇ ಆರ್‌ಬಿಐಯ ಗುರಿ.

ಆದರೆ ಆ ಚಳಿಗಾಲದ ಕೊರತೆಗೆ ತೆರಿಗೆಯೊಂದೇ ಕಾರಣವಾಗಿರಲಿಲ್ಲ. ರೂಪಾಯಿ ಕುಸಿಯುತ್ತಿತ್ತು, ಅದನ್ನು ತಡೆಯಲು ಆರ್‌ಬಿಐ ಡಾಲರ್ ಮಾರುತ್ತಿತ್ತು. ಡಾಲರ್ ಕೊಂಡ ಬ್ಯಾಂಕು ರೂಪಾಯಿಯನ್ನು ಆರ್‌ಬಿಐಗೆ ಕೊಡಬೇಕು, ಆ ರೂಪಾಯಿ ಅಲ್ಲಿಗೇ ಇಲ್ಲವಾಗುತ್ತದೆ. ತೆರಿಗೆ ಹಣದಂತೆ ತಿಂಗಳ ಕೊನೆಗೆ ಅದು ತಾನಾಗಿ ಮರಳುವುದಿಲ್ಲ. ಜನವರಿಯ ಕೊನೆಯ ಹೊತ್ತಿಗೆ ಕೊರತೆ 3 ಲಕ್ಷ ಕೋಟಿ ರೂಪಾಯಿ ದಾಟಿತ್ತು.

ಇಂಥ ಕೊರತೆಯನ್ನು ದಿನದ ರೆಪೊದಿಂದ ತುಂಬಲು ಹೊರಟರೆ ಎರಡು ಕಡೆ ಎಡವುತ್ತೇವೆ. ಇಂದು ಪಡೆದದ್ದನ್ನು ನಾಳೆ ತೀರಿಸಿ ಮತ್ತೆ ಪಡೆಯಬೇಕು. ಹರಾಜಿನಲ್ಲಿ ನಾಳೆ ಎಷ್ಟು ಸಿಗುತ್ತದೋ ತಿಳಿಯದ ಟ್ರೆಷರಿಯವರು ಕೈಯಲ್ಲಿರುವ ಹಣವನ್ನು ಬೇರೆ ಬ್ಯಾಂಕಿಗೆ ಸಾಲ ಕೊಡದೆ ಬಿಗಿಹಿಡಿಯುತ್ತಾರೆ. ಕೆಲವು ಬ್ಯಾಂಕುಗಳು ಎಂಎಸ್‌ಎಫ್‌ನಲ್ಲಿ ದುಬಾರಿ ಸಾಲ ಪಡೆಯುವ ದಿನವೇ ಇನ್ನು ಕೆಲವು ಎಸ್‌ಡಿಎಫ್‌ನಲ್ಲಿ ಹಣ ಇಟ್ಟಿರುತ್ತವೆ. ಇದು ಅಪರೂಪವಲ್ಲ. ಎರಡನೆಯದು ಒತ್ತೆಯ ಮಿತಿ. ಠೇವಣಿಗಳ ಶೇ 18ರಷ್ಟನ್ನು ಬ್ಯಾಂಕುಗಳು ಹೆಚ್ಚಾಗಿ ಸರ್ಕಾರಿ ಸಾಲಪತ್ರಗಳಲ್ಲೇ ಕಡ್ಡಾಯವಾಗಿ ಇಡಬೇಕು. ರೆಪೊಗೆ ಒಡ್ಡಬಹುದಾದದ್ದು ಅದಕ್ಕಿಂತ ಹೆಚ್ಚಿಗೆ ಇರುವ ಪತ್ರಗಳನ್ನು ಮಾತ್ರ. ಅವು ತೀರಿದ ಬ್ಯಾಂಕಿಗೆ ರೆಪೊ ಇದ್ದೂ ಇಲ್ಲದಂತೆ.

ಆರ್‌ಬಿಐ ಬಾಂಡುಗಳನ್ನೇ ಕೊಂಡುಬಿಡುವ ಮುಕ್ತ ಮಾರುಕಟ್ಟೆ ಖರೀದಿ ಬೇಕಾಗುವುದು ಇಲ್ಲೇ. ಇಲ್ಲಿ ಪತ್ರ ಒತ್ತೆಯಲ್ಲ, ಮಾರಾಟ. ಬ್ಯಾಂಕು ಬಾಂಡ್ ಕೊಡುತ್ತದೆ, ಆರ್‌ಬಿಐ ಹಣವನ್ನು ಅದರ ಖಾತೆಗೆ ಹಾಕುತ್ತದೆ. ತೀರಿಸುವ ತಾರೀಖು ಇಲ್ಲ. 2025ರ ಜನವರಿ 27ರಂದು ಆರ್‌ಬಿಐ ಪ್ರಕಟಿಸಿದ ಕ್ರಮಗಳನ್ನು ಅವಧಿಯ ದೃಷ್ಟಿಯಿಂದ ನೋಡಿದರೆ ಯೋಚನೆ ಸ್ಪಷ್ಟವಾಗುತ್ತದೆ: ತಲಾ 20,000 ಕೋಟಿಯ ಮೂರು ಕಂತುಗಳಲ್ಲಿ ಬಾಂಡ್ ಖರೀದಿ, 50,000 ಕೋಟಿಯ 56 ದಿನಗಳ ರೆಪೊ, ಆರು ತಿಂಗಳ ಮಟ್ಟಿಗೆ 500 ಕೋಟಿ ಡಾಲರ್ ಕೊಂಡು ರೂಪಾಯಿ ಕೊಡುವ ವಿನಿಮಯ. ಆಮೇಲೆ ಖರೀದಿಯ ಮೊತ್ತವನ್ನು ಇನ್ನೂ ಹೆಚ್ಚಿಸಬೇಕಾಯಿತು.

ಹಾಗಾದರೆ ಎಲ್ಲಕ್ಕೂ ಬಾಂಡನ್ನೇ ಕೊಂಡರಾಗದೇ? ಆಗದು. ಖರೀದಿಯಿಂದ ಬಾಂಡಿನ ಬೆಲೆ ಏರುತ್ತದೆ, ದೀರ್ಘಾವಧಿಯ ಬಡ್ಡಿ ಇಳಿಯುತ್ತದೆ. ಹತ್ತು ದಿನಗಳ ತೆರಿಗೆ ಕೊರತೆಗೆಂದು ಅದನ್ನು ಬಳಸಿದರೆ ಸರ್ಕಾರ ಖರ್ಚು ಮಾಡಿದ ಕೂಡಲೇ ಹಣ ಹೆಚ್ಚಾಗಿ, ಕಾಲ್ ಮನಿ ದರ ಎಸ್‌ಡಿಎಫ್ ಮಟ್ಟಕ್ಕೆ ಜಾರುತ್ತದೆ.

ಕೊರತೆ ಯಾವ ಬಗೆಯದು ಎಂದು ನೀವೇ ನೋಡಬಹುದು. ಆರ್‌ಬಿಐ ತನ್ನ ಜಾಲತಾಣದಲ್ಲಿ ಹಣದ ಮಾರುಕಟ್ಟೆಯ ದಿನದ ಲೆಕ್ಕವನ್ನು ಹಾಕುತ್ತದೆ. ಅದರಲ್ಲಿ ಕೊರತೆಯನ್ನು ತೋರಿಸುವ, ಆರ್‌ಬಿಐ ನಿವ್ವಳವಾಗಿ ಒದಗಿಸಿದ ಹಣ ಮತ್ತು ಕಾಲ್ ಮನಿಯ ಸರಾಸರಿ ದರ ಎರಡನ್ನೂ ಒಟ್ಟಿಗೆ ಓದಿ. 20ರ ನಂತರ ಏರಿದ ಕೊರತೆ ತಿಂಗಳ ಆರಂಭದಲ್ಲಿ ಕರಗಿದರೆ ಅದು ತೆರಿಗೆಯದು. ಸರ್ಕಾರದ ವೆಚ್ಚ ಹೊರಬಂದ ಮೇಲೂ ಕೊರತೆ ಹಾಗೆಯೇ ನಿಂತು, ಸರಾಸರಿ ದರ ರೆಪೊಗಿಂತ ಮೇಲೇ ಉಳಿದರೆ, ಬಾಂಡ್ ಖರೀದಿಯಂಥ ಬಾಳಿಕೆಯ ಕ್ರಮವನ್ನು ನಿರೀಕ್ಷಿಸಬಹುದು.