ದಾಖಲೆಯಲ್ಲಿರುವುದನ್ನಷ್ಟೇ ಹೇಳುವ ಚಾಟ್‌ಬಾಟ್

ಪ್ರಶ್ನೆ: ನಮ್ಮ ಕಂಪನಿಯ ದಾಖಲೆಗಳಿಂದ ಮಾತ್ರ ಉತ್ತರಿಸುವ ಚಾಟ್‌ಬಾಟ್ ಬೇಕು. ಆರ್‌ಎಜಿ ಬಳಸಿ ಎನ್ನುತ್ತಾರೆ. ಹಾಗೆಂದರೇನು? ಇಲ್ಲದ್ದನ್ನು ಹೇಳದಂತೆ ತಡೆಯಬಹುದೇ?

ಆರ್‌ಎಜಿ ಎಂದರೆ ರಿಟ್ರೀವಲ್ ಆಗ್ಮೆಂಟೆಡ್ ಜನರೇಶನ್, ಅಂದರೆ ಬೇಕಾದ್ದನ್ನು ಮೊದಲು ಹುಡುಕಿ ತಂದು, ಅದನ್ನು ನೋಡಿ ಉತ್ತರಿಸುವ ವಿಧಾನ. ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆ ಎಂದುಕೊಳ್ಳಿ. ಚಾಟ್‌ಬಾಟಿನ ಒಳಗೆ ಉತ್ತರ ಬರೆಯುವ ಭಾಷಾ ಮಾದರಿಗೆ ನಿಮ್ಮ ದಾಖಲೆಗಳನ್ನು ಯಾರೂ ಕಲಿಸುವುದಿಲ್ಲ. ಅವುಗಳನ್ನು ಮೊದಲೇ ಸಣ್ಣ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನ ಅರ್ಥವನ್ನು ಸಂಖ್ಯೆಗಳ ಸಾಲಾಗಿ ಬದಲಿಸಿ ಇಟ್ಟಿರುತ್ತಾರೆ. ಇದಕ್ಕೆ ಎಂಬೆಡಿಂಗ್ ಎಂದು ಹೆಸರು. ಪ್ರಶ್ನೆ ಬಂದಾಗ ಅದನ್ನೂ ಹಾಗೆಯೇ ಬದಲಿಸಿ, ಅದಕ್ಕೆ ಹತ್ತಿರದ ನಾಲ್ಕೈದು ತುಣುಕುಗಳನ್ನು ಹುಡುಕಿ, ‘ಇದರಲ್ಲಿರುವುದನ್ನಷ್ಟೇ ನೋಡಿ ಉತ್ತರಿಸು’ ಎಂಬ ಸೂಚನೆಯೊಂದಿಗೆ ಮಾದರಿಗೆ ಕೊಡುತ್ತಾರೆ.

ತಪ್ಪುಗಳು ಹೆಚ್ಚಾಗಿ ಹುಟ್ಟುವುದು ಈ ಹುಡುಕಾಟದಲ್ಲಿ. ನೀರೆತ್ತುವ ಪಂಪು ತಯಾರಿಸುವ ಒಂದು ಕಂಪನಿಗೆ ನಾನು ಇಂಥದ್ದನ್ನು ಮಾಡಿಕೊಟ್ಟಿದ್ದೆ. 5 ಎಚ್‌ಪಿ ಪಂಪಿನ ವಾರಂಟಿ ಎಷ್ಟು ತಿಂಗಳೆಂದು ಕೇಳಿದರೆ ಅದು 12 ಎನ್ನುತ್ತಿತ್ತು, ಸರಿಯುತ್ತರ 18. ಎಲ್ಲರೂ ಮಾದರಿಯನ್ನು ಬೈದರು. ಅದಕ್ಕೆ ಸಿಕ್ಕಿದ್ದ ತುಣುಕುಗಳನ್ನು ತೆಗೆದು ನೋಡಿದಾಗ ವಿಷಯ ತಿಳಿಯಿತು. ವಾರಂಟಿ ಕೋಷ್ಟಕ ನಡುವೆ ತುಂಡಾಗಿ, ಕಾಲಂಗಳ ತಲೆಬರಹ ಒಂದು ತುಣುಕಿನಲ್ಲಿ, 5 ಎಚ್‌ಪಿಯ ಸಾಲು ಇನ್ನೊಂದರಲ್ಲಿ ಉಳಿದಿತ್ತು. ಆ ಸಾಲಿನಲ್ಲಿ 12, 18 ಎಂಬ ಅಂಕಿಗಳಷ್ಟೇ ಇದ್ದವು, ಮೊದಲನೆಯದು ಮೋಟಾರಿನದು, ಎರಡನೆಯದು ಪಂಪಿನದು. ಯಾವ ಅಂಕಿ ಯಾವುದರದ್ದೆಂದು ಹೇಳುವ ತಲೆಬರಹವೇ ಇಲ್ಲದ ಮೇಲೆ ಮಾದರಿ ತಾನೇ ಏನು ಮಾಡೀತು? ಕೋಷ್ಟಕದ ಪ್ರತಿ ಸಾಲಿಗೂ ತಲೆಬರಹವನ್ನು ಅಂಟಿಸಿದ ಮೇಲೆ ಉತ್ತರ ನೆಟ್ಟಗಾಯಿತು. ಆದ್ದರಿಂದ ಉತ್ತರದ ಜೊತೆಗೆ ತುಣುಕುಗಳನ್ನೂ ತೋರಿಸುವಂತೆ ಮೊದಲ ದಿನದಿಂದಲೇ ಕೇಳಿ. ಸರಿಯಾದ ತುಣುಕು ಬಂದಿಲ್ಲವಾದರೆ ದೋಷ ಹುಡುಕಾಟದ್ದು. ಬಂದೂ ಉತ್ತರ ತಪ್ಪಿದ್ದರೆ ಮಾತ್ರ ಮಾದರಿಯದು.

ಇನ್ನು ‘ಇಲ್ಲದ್ದನ್ನು ಹೇಳದಂತೆ’ ಎಂಬ ಮಾತು. ಪೂರ್ಣ ಖಾತರಿ ಕೊಡುವವರನ್ನು ನಾನು ನಂಬುವುದಿಲ್ಲ. ಹತ್ತಿರದ ಐದು ತುಣುಕು ಕೊಡು ಎಂದರೆ, ದಾಖಲೆಯಲ್ಲಿ ಉತ್ತರವೇ ಇಲ್ಲದಿದ್ದರೂ ಹುಡುಕಾಟ ಐದನ್ನು ತಂದೇ ತರುತ್ತದೆ. ಮಾದರಿ ಅವುಗಳಿಗೆ ತನ್ನ ಹಳೆಯ ತಿಳಿವಳಿಕೆಯನ್ನೂ ಬೆರೆಸಿ ಉತ್ತರ ಹೆಣೆಯಬಹುದು. ಪ್ರಶ್ನೆಗೂ ತುಣುಕಿಗೂ ಇರುವ ಹೋಲಿಕೆಯ ಅಂಕ ಒಂದು ಮಿತಿಗಿಂತ ಕಡಿಮೆಯಿದ್ದರೆ ಮಾದರಿಯನ್ನು ಕೇಳದೆಯೇ ‘ನಮ್ಮ ದಾಖಲೆಯಲ್ಲಿ ಸಿಗಲಿಲ್ಲ’ ಎಂದು ಹೇಳಿಸುವುದು ಒಂದು ಉಪಾಯ. ಆ ಮಿತಿ ಎಷ್ಟಿರಬೇಕೆಂದು ಲೆಕ್ಕ ಹಾಕಿ ಹೇಳಲಾಗದು. ಉತ್ತರವಿರುವ ಐವತ್ತು, ಇಲ್ಲದ ಐವತ್ತು ಪ್ರಶ್ನೆಗಳನ್ನು ನಿಮ್ಮ ಸಿಬ್ಬಂದಿಯಿಂದಲೇ ಬರೆಸಿ ಪರೀಕ್ಷಿಸಿ. ಜನ ಎರಡನೆಯ ಐವತ್ತನ್ನು ಮರೆಯುತ್ತಾರೆ.

ಕನ್ನಡದ ಹಳೆಯ ಕಡತಗಳಿದ್ದರೆ ಇನ್ನೊಂದು ಕೆಲಸವಿದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಶೈಲಿಯ ಪಿಡಿಎಫ್ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಅದರಿಂದ ಪಠ್ಯ ತೆಗೆದರೆ ‘ಕನ್ನಡ’ ಎಂಬುದು `PÀ£ÀßqÀ` ಎಂದು ಬರುತ್ತದೆ. ಅಂಥ ಕಡತದಿಂದ ಹುಡುಕಾಟಕ್ಕೆ ಕೆಲಸಕ್ಕೆ ಬರುವಂಥದ್ದೇನೂ ಸಿಗದು, ದೋಷದ ಸೂಚನೆಯೂ ಬಾರದು. ಒಂದು ಪುಟವನ್ನು ನಕಲಿಸಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ. ಕನ್ನಡ ಕಾಣದಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಕತ್ತರಿಸಲು ಕೊಡಿ.